ನಾಲ್ಕು ಕಡೆಗೀಲು: ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರಾದಾಗ

*ಇಂದಿನ ಧಮ್ಮ ಚಿಂತನೆ*





ಹೋದ ರವಿವಾರ ನಮ್ಮ ರಾಮಸಮುದ್ರದಲ್ಲಿ ಅಧ್ಯಯನ ಮುಗಿದ ಮೇಲೆ ಒಬ್ಬ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳಿದರು. "ಟೀಚರ್ರೆ, ನಮ್ಮ ಮನ್ಯಾಗ ಜಗಳ ಇಲ್ಲ, ಕುಡಿತ ಇಲ್ಲ, ಹೊಡೆತ ಇಲ್ಲ. ಪಗಾರ ತಂದು ಕೈಯಾಗ ಕೊಡ್ತಾರ. ಆದ್ರ ಒಂದು ರೂಮಿನ್ಯಾಗ ಇಬ್ರು ಬಾಡಿಗಿ ಇದ್ದಂಗ ಆಗ್ಯಾದ. ಇದಕ್ಕ ಧಮ್ಮದಾಗ ಏನರ ಹೇಳ್ಯಾರೇನ್ರಿ?"

ಅವರ ಹೆಸರು ಬೇಡ. ಈ ಪ್ರಶ್ನೆ ಒಬ್ಬರದ್ದಲ್ಲ. ಮದುವೆಯಾಗಿ ಹದಿನೈದು, ಇಪ್ಪತ್ತು ವರ್ಷ ಆದ ಎಷ್ಟೋ ಮನೆಗಳಲ್ಲಿ ಇದು ಇದೆ. ಜಗಳವಾದರೆ ಹಿರಿಯರು ಬರುತ್ತಾರೆ, ನೆರೆಯವರು ಬರುತ್ತಾರೆ. ಸುಮ್ಮನೆ ಆರಿ ತಣ್ಣಗಾದ ಒಲೆಯ ಬಗ್ಗೆ ಯಾರೂ ಕೇಳುವುದಿಲ್ಲ. ನಾವೂ ಯಾರಿಗೂ ಹೇಳುವುದಿಲ್ಲ. ಹೇಳಿದರೆ, "ನಿನಗೇನು ಕಡಿಮಿ ಆಗ್ಯಾದ?" ಅನ್ನುತ್ತಾರೆ. ಅದಕ್ಕೆ ಇಂದು ಇದನ್ನೇ ಚಿಂತನೆಗೆ ತೆಗೆದುಕೊಂಡಿದ್ದೇನೆ. ಸ್ವಲ್ಪ ದೊಡ್ಡದಾಗಿದೆ. ಸಮಾಧಾನದಿಂದ ಓದಿ.

*ಮೊದಲು, ಇದು ಹಣೆಬರಹ ಅಲ್ಲ*

ಹಳೆಯ ಮಾತಿನಲ್ಲಿ ಮದುವೆ ಎಂದರೆ ಏಳು ಜನ್ಮದ ಋಣಾನುಬಂಧ. ಪ್ರೀತಿ ಇದ್ದರೂ ಋಣ, ಇಲ್ಲದಿದ್ದರೂ ಋಣ. ಆ ಮಾತನ್ನು ಒಪ್ಪಿದರೆ ಮಾಡಲಿಕ್ಕೆ ಏನೂ ಉಳಿಯುವುದಿಲ್ಲ, ಸಹಿಸಿಕೊಂಡು ಇರಬೇಕು ಅಷ್ಟೇ. ನಾವು ಆ ದಾರಿ ಬಿಟ್ಟು ಬಂದವರು. ಬುದ್ಧರ ಮಾತು ಬೇರೆ. ಪ್ರತಿಯೊಂದೂ ಕಾರಣಗಳಿಂದ ಹುಟ್ಟುತ್ತದೆ, ಆ ಕಾರಣಗಳು ನಿಂತರೆ ಅದೂ ನಿಲ್ಲುತ್ತದೆ. ಇದೇ ಪ್ರತೀತ್ಯ ಸಮುತ್ಪಾದ. ಗಂಡ ಹೆಂಡತಿಯ ನಡುವಿನ ಪ್ರೀತಿಯೂ ಈ ನಿಯಮದ ಹೊರಗಿಲ್ಲ. ಅದು ತಾನಾಗಿ ಬಂದು ತಾನಾಗಿ ಹೋಗುವ ಮಳೆ ಅಲ್ಲ. ಅದು ದಿನಾ ಎಣ್ಣೆ ಬೇಡುವ ದೀಪ.

ಹಾಗಾಗಿ "ಪ್ರೀತಿ ಯಾಕೆ ಹೋಯಿತು?" ಎಂದು ಕೇಳಿಕೊಂಡರೆ ಉತ್ತರ ಸಿಗುವುದು ಕಷ್ಟ. "ನಮ್ಮಿಬ್ಬರ ನಡುವೆ ಮೊದಲು ನಡೆಯುತ್ತಿದ್ದ ಯಾವುದು ಈಗ ನಿಂತಿದೆ?" ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ.

*ಸಿಗಾಲನಿಗೆ ಹೇಳಿದ್ದು*

ದೀಘನಿಕಾಯದ 31ನೆಯ ಸುತ್ತ ಸಿಗಾಲೋವಾದ. ರಾಜಗೃಹದ ಸಿಗಾಲ ಎಂಬ ಯುವಕ ಬೆಳಿಗ್ಗೆ ಎದ್ದು ಒದ್ದೆ ಬಟ್ಟೆಯಲ್ಲಿ ಆರು ದಿಕ್ಕಿಗೆ ಕೈ ಮುಗಿಯುತ್ತಿದ್ದ. ಸತ್ತ ತಂದೆ ಹೇಳಿ ಹೋಗಿದ್ದರು, ಅದಕ್ಕೆ ಮುಗಿಯುತ್ತಿದ್ದ. ಬುದ್ಧರು ಅವನಿಗೆ ದಿಕ್ಕಿನ ಅರ್ಥವನ್ನೇ ಬದಲಿಸಿ ಹೇಳಿದರು. ಪೂರ್ವ ಎಂದರೆ ತಾಯಿ ತಂದೆ, ದಕ್ಷಿಣ ಎಂದರೆ ಗುರುಗಳು, ಪಶ್ಚಿಮ ಎಂದರೆ ಹೆಂಡತಿ ಮಕ್ಕಳು. ಹೀಗೆ ಆರೂ ದಿಕ್ಕು ನಮ್ಮ ಸುತ್ತಲಿನ ಮನುಷ್ಯರೇ.

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಪಾಲಿಯಲ್ಲಿ ಪೂರ್ವಕ್ಕೆ ಇರುವ ಪದಕ್ಕೆ ಮುಂದೆ ಎಂಬ ಅರ್ಥವೂ, ಪಶ್ಚಿಮಕ್ಕೆ ಇರುವ ಪಚ್ಛಿಮ ಎಂಬ ಪದಕ್ಕೆ ಹಿಂದೆ ಎಂಬ ಅರ್ಥವೂ ಇದೆ. ತಾಯಿ ತಂದೆ ಮುಂದಿನ ದಿಕ್ಕು, ಬಾಳ ಸಂಗಾತಿ ಬೆನ್ನ ಹಿಂದಿನ ದಿಕ್ಕು. ಬೆನ್ನ ಹಿಂದೆ ಇರುವುದು ನಮಗೆ ಆಸರೆ ಖರೆ, ಆದರೆ ಅದು ಕಣ್ಣಿಗೆ ಬೀಳುವುದಿಲ್ಲ. ಗೋಡೆಗೆ ಒರಗಿ ಕುಳಿತವರು ಗೋಡೆಯನ್ನು ನೋಡುವುದಿಲ್ಲ. ದೀರ್ಘ ದಾಂಪತ್ಯದ ತೊಂದರೆ ಶುರುವಾಗುವುದೇ ಅಲ್ಲಿಂದ.

ಈ ಸುತ್ತದಲ್ಲಿ ಗಂಡನಿಗೆ ಐದು ಕರ್ತವ್ಯ, ಹೆಂಡತಿಗೆ ಐದು ಕರ್ತವ್ಯ ಹೇಳಿದ್ದಾರೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಗೃಹಸ್ಥರ ವಿನಯ ಹೇಳುವಾಗ ಗಂಡ ಹೆಂಡತಿಯ ವಿನಯವನ್ನು ಬೇರೆಯಾಗಿಯೇ ಕೊಟ್ಟಿದ್ದಾರೆ. ಗೌರವ ಕೊಡುವುದು, ಹಗುರವಾಗಿ ಮಾತಾಡದಿರುವುದು, ನಿಷ್ಠೆಯಿಂದ ಇರುವುದು, ಮನೆಯ ಅಧಿಕಾರ ಒಪ್ಪಿಸುವುದು ಮುಂತಾದವು. ಆ ಪಟ್ಟಿಯಲ್ಲಿ "ಪ್ರೀತಿಸು" ಎಂಬ ಆಜ್ಞೆ ಇಲ್ಲ. ಎಲ್ಲವೂ ಮಾಡುವ ಕೆಲಸಗಳೇ. ಭಾವನೆಯನ್ನು ಆಜ್ಞೆ ಮಾಡಿ ತರಲಿಕ್ಕೆ ಬರುವುದಿಲ್ಲ, ನಡತೆಯನ್ನು ಬದಲಿಸಲಿಕ್ಕೆ ಬರುತ್ತದೆ. ಇದು ಬುದ್ಧರ ಲೋಕಜ್ಞಾನ.

ಅದೇ ಸುತ್ತದ ಕೊನೆಯಲ್ಲಿ ಬುದ್ಧರು ನಾಲ್ಕು ಸಂಗ್ರಹ ವಸ್ತುಗಳನ್ನು ಹೇಳುತ್ತಾರೆ. ಸಂಗ್ರಹ ಎಂದರೆ ಇಲ್ಲಿ ಕೂಡಿಡುವುದಲ್ಲ, ಮನುಷ್ಯರನ್ನು ಒಬ್ಬರಿಗೊಬ್ಬರು ಹಿಡಿದಿಡುವುದು.

1. *ದಾನ*: ಇದ್ದದ್ದನ್ನು ಕೊಡುವುದು.
2. *ಪ್ರಿಯವಚನ*: ಹಿತವಾಗಿ ಮಾತಾಡುವುದು.
3. *ಅರ್ಥಚರ್ಯೆ*: ಇನ್ನೊಬ್ಬರಿಗೆ ಉಪಯೋಗವಾಗುವ ಕೆಲಸ ಮಾಡುವುದು.
4. *ಸಮಾನಾತ್ಮತೆ*: ಸುಖದಲ್ಲೂ ದುಃಖದಲ್ಲೂ ಸಮಾನವಾಗಿ ಜೊತೆಗಿರುವುದು.

ಓಡುವ ರಥಕ್ಕೆ ಕಡೆಗೀಲು ಹೇಗೋ ಲೋಕಕ್ಕೆ ಇವು ನಾಲ್ಕು ಹಾಗೆ ಎನ್ನುತ್ತಾರೆ. ಇವಿಲ್ಲದಿದ್ದರೆ ಹೆತ್ತ ತಾಯಿ ತಂದೆಗೂ ಮಕ್ಕಳಿಂದ ಗೌರವ ಸಿಗುವುದಿಲ್ಲ ಎಂದೂ ಹೇಳುತ್ತಾರೆ. ಇನ್ನು ಗಂಡ ಹೆಂಡತಿ ಯಾವ ಲೆಕ್ಕ?

ಕಡೆಗೀಲು ಅಂದರೆ ನಮ್ಮ ಹಿರಿಯರಿಗೆ ಗೊತ್ತು, ಕೆಲವರು ಕಡಾಣಿ ಅನ್ನುತ್ತಾರೆ. ಬಂಡಿಯ ಗಾಲಿ ಅಚ್ಚಿನಿಂದ ಕಳಚಿ ಹೋಗದಂತೆ ಅಚ್ಚಿನ ತುದಿಗೆ ಹಾಕುವ ಗೇಣುದ್ದವೂ ಇಲ್ಲದ ಕೀಲು. ಅದು ಭಾರ ಹೊರುವುದಿಲ್ಲ. ಭಾರ ಹೊರುವುದು ಅಚ್ಚು ಮತ್ತು ಗಾಲಿ. ಆದರೆ ಕೀಲು ಬಿದ್ದರೆ ಗಾಲಿ ಅಚ್ಚಿನ ತುದಿಗೆ ಸರಿಯುತ್ತಾ ಸರಿಯುತ್ತಾ ಒಂದು ದಿನ ಕಳಚುತ್ತದೆ. ಕೀಲು ಬಿದ್ದ ಆ ಕ್ಷಣದಲ್ಲಿ ಬಂಡಿ ನಿಲ್ಲುವುದಿಲ್ಲ. ಇನ್ನೂ ಸ್ವಲ್ಪ ದೂರ ಚೆನ್ನಾಗಿಯೇ ಓಡುತ್ತದೆ. ಮದುವೆಯೂ ಹಾಗೆಯೇ. ನಮ್ಮ ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನವರ ಒಂದು ವಚನದಲ್ಲೂ ಈ ಕಡೆಗೀಲಿನ ಹೋಲಿಕೆ ಇದೆ. ಅಲ್ಲಿ ಕಡೆಗೀಲು ಎಂದರೆ ಶರಣರ ನುಡಿ. ಎರಡೂ ಕಡೆ ಬಂಡಿಯನ್ನು ಹಿಡಿದಿಡುವುದರಲ್ಲಿ ಮಾತಿಗೆ ಜಾಗ ಇದೆ ಎಂಬುದನ್ನು ನೆನಪಿಡಿ.

*ಯಾವ ಕೀಲು ಉಳಿಯುತ್ತದೆ, ಯಾವುದು ಬೀಳುತ್ತದೆ*

ಆ ಅಕ್ಕನ ಮನೆಯನ್ನೇ ಈ ನಾಲ್ಕರಿಂದ ನೋಡೋಣ. ಪಗಾರ ತಂದು ಕೊಡುತ್ತಾರೆ: ದಾನ ಇದೆ. ಅವರು ಅಡುಗೆ ಮಾಡುತ್ತಾರೆ, ಇವರು ಗ್ಯಾಸ್ ತರುತ್ತಾರೆ, ಮಕ್ಕಳ ಫೀಸು ಕಟ್ಟುತ್ತಾರೆ, ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ: ಅರ್ಥಚರ್ಯೆ ಇದೆ. ಬಿದ್ದಿರುವುದು ಪ್ರಿಯವಚನ ಮತ್ತು ಸಮಾನಾತ್ಮತೆ. ಒಂದು ರೂಮಿನಲ್ಲಿ ಬಾಡಿಗೆ ಹಂಚಿಕೊಂಡು ಇರುವ ಇಬ್ಬರು ಒಳ್ಳೆಯ ಗೆಳೆಯರಲ್ಲದ ಹುಡುಗರನ್ನು ನೋಡಿ. ಖರ್ಚು ಹಂಚಿಕೊಳ್ಳುತ್ತಾರೆ, ಕೆಲಸ ಹಂಚಿಕೊಳ್ಳುತ್ತಾರೆ. ಒಬ್ಬನ ಮನಸ್ಸಿನಲ್ಲಿ ಏನಿದೆ ಎಂದು ಇನ್ನೊಬ್ಬನಿಗೆ ಗೊತ್ತಿರುವುದಿಲ್ಲ. ರೂಮ್‌ಮೇಟ್ ಎಂದರೆ ಇದೇ: ಎರಡು ಕೀಲು ಇದ್ದು ಎರಡು ಬಿದ್ದ ಬಂಡಿ.

ಯಾವಾಗಲೂ ಇವೆರಡೇ ಯಾಕೆ ಬೀಳುತ್ತವೆ? ಯಾಕೆಂದರೆ ದಾನಕ್ಕೂ ಅರ್ಥಚರ್ಯೆಗೂ ತಾರೀಖು ಇದೆ. ಫೀಸಿಗೆ ಕೊನೆಯ ದಿನ ಇದೆ. ಗ್ಯಾಸ್ ಮುಗಿದರೆ ಒಲೆ ಹತ್ತುವುದಿಲ್ಲ. ಕರೆಂಟ್ ಬಿಲ್ಲು ಕಟ್ಟದಿದ್ದರೆ ಲೈನ್ ಕತ್ತರಿಸುತ್ತಾರೆ. ಇವನ್ನು ಮರೆತರೆ ಅದೇ ದಿನ ಗೊತ್ತಾಗುತ್ತದೆ. "ಇವತ್ತು ನಿನ್ನ ಮುಖ ಯಾಕೋ ಸಪ್ಪಗದ" ಎಂದು ಕೇಳಲಿಕ್ಕೆ ಕೊನೆಯ ದಿನ ಇಲ್ಲ. ಇವತ್ತು ಕೇಳದಿದ್ದರೆ ಏನೂ ಆಗುವುದಿಲ್ಲ, ನಾಳೆ ಕೇಳದಿದ್ದರೂ ಏನೂ ಆಗುವುದಿಲ್ಲ. ಹತ್ತು ವರ್ಷ ಕೇಳದಿದ್ದರೆ ಕೇಳುವ ರೂಢಿಯೇ ತಪ್ಪಿರುತ್ತದೆ, ಹೇಳುವ ರೂಢಿಯೂ ತಪ್ಪಿರುತ್ತದೆ. ಇದರಲ್ಲಿ ಯಾರೂ ಕೆಟ್ಟವರಲ್ಲ. ಅದಕ್ಕೇ ಇದನ್ನು ಹಿಡಿಯುವುದು ಕಷ್ಟ.

*ಒಂದು ವಾರದ ಲೆಕ್ಕ*

ದೂರದ ಉದಾಹರಣೆ ಯಾಕೆ, ನಮ್ಮ ಮನೆಯದೇ ಹೇಳುತ್ತೇನೆ. ನಮ್ಮ ಮನೆಯವರು ಒಪ್ಪಿಯೇ ಬರೆಯುತ್ತಿದ್ದೇನೆ. ನಮ್ಮ ಮದುವೆಗೆ 19 ವರ್ಷ. ಅವರು ಬಸ್ ಕಂಡಕ್ಟರ್, ನಾನು ಶಾಲೆಯ ಶಿಕ್ಷಕಿ. ವಾರದಲ್ಲಿ ಎರಡು ಮೂರು ರಾತ್ರಿ ಅವರಿಗೆ ಹೊರಗೆ ನೈಟ್ ಹಾಲ್ಟ್. ಅವರು ಮನೆಗೆ ಬರುವಾಗ ನಾನು ಶಾಲೆಗೆ ಹೊರಟಿರುತ್ತೇನೆ. ಹಿಂದಿನ ವರ್ಷ ಈ ಸುತ್ತ ಓದಿದ ಮೇಲೆ ಒಂದು ವಾರ ನಾವಿಬ್ಬರೂ ಒಬ್ಬರಿಗೊಬ್ಬರು ಆಡಿದ ಮಾತುಗಳನ್ನು, ಫೋನಿನಲ್ಲಿ ಆಡಿದ್ದನ್ನೂ ಸೇರಿಸಿ, ನೋಟ್‌ಬುಕ್ಕಿನ ಹಿಂದೆ ಬರೆದಿಟ್ಟೆ. ಆಮೇಲೆ ನಾಲ್ಕು ಕಂಬ ಎಳೆದು ವಿಂಗಡಿಸಿದೆ.

ಒಟ್ಟು 71 ಮಾತು. ಹಣ, ಸಾಮಾನು, ಕೊಡುವುದು ತರುವುದು: 23. ಯಾರು ಯಾವ ಕೆಲಸ ಮಾಡಬೇಕು ಎಂಬುದು: 41. ಯಾವ ಕಂಬಕ್ಕೂ ಸೇರದ "ಹೂಂ", "ಆಯ್ತು": 5. ಪ್ರಿಯವಚನ: 2. ಒಂದು, "ಚಾ ಚಲೋ ಆಗ್ಯಾದ". ಇನ್ನೊಂದು, "ಮೋಡ ಆಗ್ಯಾದ, ಛತ್ರಿ ತಗೊಂಡು ಹೋಗು". ಈ ಎರಡನೆಯದನ್ನು ಅರ್ಥಚರ್ಯೆಗೆ ಹಾಕಬೇಕೋ ಪ್ರಿಯವಚನಕ್ಕೆ ಹಾಕಬೇಕೋ ಎಂದು ಬಹಳ ಹೊತ್ತು ವಿಚಾರ ಮಾಡಿದೆ. ಕೊನೆಗೆ ಪ್ರಿಯವಚನಕ್ಕೇ ಹಾಕಿದೆ, ಯಾಕೆಂದರೆ ಅದನ್ನು ಹೇಳಲೇಬೇಕಾದ ಅಗತ್ಯ ಅವರಿಗೆ ಇರಲಿಲ್ಲ. ಸಮಾನಾತ್ಮತೆಯ ಕಂಬ ಖಾಲಿ. ಸೊನ್ನೆ.

ಆ ವಾರ ಹೇಳಿಕೊಳ್ಳುವಂಥದ್ದು ಏನೂ ನಡೆದಿರಲಿಲ್ಲವೇ? ನಡೆದಿತ್ತು. ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋದರೆಂದು ಶಾಲೆ ಬಿಟ್ಟಿದ್ದ ಒಬ್ಬ ಹುಡುಗಿ ಮರಳಿ ನನ್ನ ತರಗತಿಗೆ ಬಂದಿದ್ದಳು. ಆ ಖುಷಿಯನ್ನು ನಾನು ನಮ್ಮ ತಂಗಿಗೆ ಫೋನ್ ಮಾಡಿ ಹೇಳಿದ್ದೆ. ಅವರಿಗೆ ನಿಂತು ನಿಂತು ಕಾಲು ಬಾತು, ಡಾಕ್ಟರರ ಹತ್ತಿರ ಹೋಗಿ ಬಂದಿದ್ದರು. ಅದು ನನಗೆ ಅವರ ಜೊತೆ ಕೆಲಸ ಮಾಡುವ ಒಬ್ಬರ ಮನೆಯವರಿಂದ ತಿಳಿಯಿತು. ನನ್ನ ಸುಖ ಅವರಿಗೆ ಮುಟ್ಟಿರಲಿಲ್ಲ, ಅವರ ದುಃಖ ನನಗೆ ಮುಟ್ಟಿರಲಿಲ್ಲ. ಎರಡೂ ಒಂದೇ ಮನೆಯಲ್ಲಿ ಇದ್ದವು.

ಯಾರಾದರೂ ತಮ್ಮ ಮನೆಯನ್ನು ಪರೀಕ್ಷಿಸಬೇಕು ಎಂದರೆ ನೋಟ್‌ಬುಕ್ಕೂ ಬೇಡ. ಈ ಒಂದೇ ಪ್ರಶ್ನೆ ಸಾಕು: ನಿಮಗೆ ಒಂದು ಒಳ್ಳೆಯ ಸುದ್ದಿ ಬಂದರೆ, ಇಲ್ಲವೇ ಮನಸ್ಸಿಗೆ ನೋವಾದರೆ, ಮೊದಲು ಯಾರಿಗೆ ಹೇಳುತ್ತೀರಿ? ಆ ಜಾಗದಲ್ಲಿ ಮೊದಲು ಸಂಗಾತಿ ಇದ್ದು ಈಗ ಅಕ್ಕನೋ, ಗೆಳೆಯನೋ, ಫೋನೋ ಬಂದು ಕುಳಿತಿದ್ದರೆ ಕೀಲು ಸಡಿಲಾಗಿದೆ ಎಂದು ತಿಳಿಯಿರಿ.

ಆ ನೋಟ್‌ಬುಕ್ಕನ್ನು ನಾನು ಅವರಿಗೆ ತೋರಿಸಿದೆ. ಮೊದಲು ನಕ್ಕರು. "ಏನ್ ಟೀಚರ್ರೆ, ನನಗೂ ಮಾರ್ಕ್ಸ್ ಹಾಕಿರೇನು?" ಅಂದರು. ಆಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತು ಹೇಳಿದರು: "ಹೊರಗ ನೈಟ್ ಹಾಲ್ಟ್ ಮಾಡೋದು ನನಗ ರೂಢಿ ಅದ. ಆದ್ರ ಮನಿಗಿ ಬಂದ್ರೂ ನೈಟ್ ಹಾಲ್ಟ್ ಮಾಡಿದಂಗೇ ಆಗ್ತದ. ಉಣ್ತೀನಿ, ಮಲಗ್ತೀನಿ, ಎದ್ದು ಡ್ಯೂಟಿಗಿ ಹೋಗ್ತೀನಿ."

19 ವರ್ಷದಲ್ಲಿ ಅವರು ತಮ್ಮ ಮನಸ್ಸಿನ ಬಗ್ಗೆ ನನಗೆ ಹೇಳಿದ ಅತಿ ದೊಡ್ಡ ಮಾತು ಅದು. ಬಾಡಿಗೆ ಇದ್ದಂತೆ ನನಗೊಬ್ಬಳಿಗೇ ಅನ್ನಿಸುತ್ತಿದೆ ಎಂದುಕೊಂಡಿದ್ದೆ. ಅವರಿಗೂ ಅನ್ನಿಸುತ್ತಿತ್ತು. ಸಾಮಾನ್ಯವಾಗಿ ಇಬ್ಬರಿಗೂ ಅನ್ನಿಸುತ್ತಿರುತ್ತದೆ.

*ನಕುಲಮಾತೆ ಹೇಳಿದ ಮಾತು*

ಸಮಾನಾತ್ಮತೆ ಎಂದರೆ ಏನು ಎಂಬುದಕ್ಕೆ ತ್ರಿಪಿಟಕದಲ್ಲಿ ಒಂದು ಜೋಡಿ ಇದೆ. ಭಗ್ಗ ದೇಶದ ಸುಂಸುಮಾರಗಿರಿಯ ನಕುಲಪಿತ ಮತ್ತು ನಕುಲಮಾತೆ. ವಯಸ್ಸಾದವರು, ಬಹಳ ವರ್ಷ ಕೂಡಿ ಬಾಳಿದವರು. ಅಂಗುತ್ತರ ನಿಕಾಯದಲ್ಲಿ ಅವರ ಕಥೆ ಬರುತ್ತದೆ.

ಒಮ್ಮೆ ನಕುಲಪಿತ ಬಹಳ ಕಾಯಿಲೆ ಬಿದ್ದರು. ಉಳಿಯುವುದು ಅನುಮಾನ. ನಕುಲಮಾತೆ ಹಾಸಿಗೆಯ ಪಕ್ಕ ಕುಳಿತು ಅಳಲಿಲ್ಲ. "ನಿಮಗೇನೂ ಆಗುವುದಿಲ್ಲ" ಎಂದು ಸುಳ್ಳು ಧೈರ್ಯವನ್ನೂ ಹೇಳಲಿಲ್ಲ. ಚಿಂತೆ ಇಟ್ಟುಕೊಂಡು ಸಾಯಬೇಡಿ ಎಂದು ಹೇಳಿ, ಗಂಡನ ಮನಸ್ಸಿನಲ್ಲಿ ಇರಬಹುದಾದ ಚಿಂತೆಗಳನ್ನು ಒಂದೊಂದಾಗಿ ತಾವೇ ಹೆಸರಿಸಿದರು. ನಾನು ಹೋದ ಮೇಲೆ ಮಕ್ಕಳನ್ನು ಹೇಗೆ ಸಾಕುತ್ತಾಳೆ ಎಂದು ನಿಮಗೆ ಅನ್ನಿಸಬಹುದು, ನನಗೆ ಹತ್ತಿ ನೂಲುವುದು ಬರುತ್ತದೆ, ಉಣ್ಣೆ ಹಸನು ಮಾಡುವುದು ಬರುತ್ತದೆ, ಸಾಕುತ್ತೇನೆ. ಬೇರೆ ಮನೆ ಸೇರುತ್ತಾಳೆ ಎಂದು ಅನ್ನಿಸಬಹುದು, 16 ವರ್ಷದಿಂದ ನಾವಿಬ್ಬರೂ ಗೃಹಸ್ಥರಾಗಿದ್ದೂ ಬ್ರಹ್ಮಚರ್ಯದಲ್ಲಿ ಬಾಳಿದ್ದು ನಿಮಗೂ ಗೊತ್ತು, ನನಗೂ ಗೊತ್ತು. ಹೀಗೆ ಧಮ್ಮದಲ್ಲಿ ತಮ್ಮ ಶ್ರದ್ಧೆಯವರೆಗೆ ಆರು ಚಿಂತೆಗಳನ್ನು ಬಿಡಿಸಿ ಇಟ್ಟರು. ನಕುಲಪಿತ ಗುಣವಾಗಿ, ಕೋಲು ಊರಿಕೊಂಡು ಬುದ್ಧರ ಬಳಿ ಹೋದರು. ನಿನ್ನ ಹಿತ ಬಯಸುವ, ನಿನಗೆ ಬುದ್ಧಿ ಹೇಳುವ ಇಂಥ ಸಂಗಾತಿ ಸಿಕ್ಕಿದ್ದು ನಿನ್ನ ಲಾಭ ಎಂದು ಬುದ್ಧರು ಹೇಳಿದರು.

ಇದರಲ್ಲಿ ಎರಡು ವಿಷಯ ನೋಡಿ. ಒಂದು, 16 ವರ್ಷ ದೇಹದ ಸಂಬಂಧ ಇಲ್ಲದಿದ್ದರೂ ಇವರು ರೂಮ್‌ಮೇಟ್‌ಗಳಲ್ಲ. ಅಂದರೆ ವಯಸ್ಸಾದಂತೆ ಹಾಸಿಗೆ ಬೇರೆಯಾದದ್ದೇ ದೂರವಾದದ್ದರ ಗುರುತಲ್ಲ. ಆದರೆ ಇವರದ್ದು ಇಬ್ಬರಿಗೂ ತಿಳಿದು ನಡೆದದ್ದು ಎಂಬುದು ಮುಖ್ಯ. ಒಬ್ಬರು ಮಾತಿಲ್ಲದೆ ಮುಖ ತಿರುಗಿಸಿ ಮಲಗುವುದು, ಇನ್ನೊಬ್ಬರು ಯಾಕೆಂದು ಕೇಳದಿರುವುದು ಬೇರೆ. ಎರಡು, ಗಂಡನಿಗೆ ಏನು ಭಯ ಎಂದು ಕೇಳದೆಯೇ ಆ ತಾಯಿಗೆ ಗೊತ್ತಿತ್ತು. ಇಂಥ ತಿಳಿವಳಿಕೆ ಕಾಯಿಲೆ ಬಿದ್ದ ದಿನ ಒಮ್ಮೆಲೇ ಬರುವುದಿಲ್ಲ. ವರ್ಷಗಟ್ಟಲೆ ಒಬ್ಬರ ಭಯ ಇನ್ನೊಬ್ಬರು ಕೇಳಿಸಿಕೊಂಡಿದ್ದರೆ ಮಾತ್ರ ಬರುತ್ತದೆ. ನಮಗೆ ನಾವೇ ಕೇಳಿಕೊಳ್ಳೋಣ: ನಮ್ಮ ಸಂಗಾತಿಯ ಮೂರು ಚಿಂತೆ ಹೆಸರಿಸು ಎಂದರೆ ಹೇಳಲಿಕ್ಕೆ ಬರುತ್ತದೆಯೇ?

ನಮ್ಮ ಮಾತೆ ರಮಾಬಾಯಿ ಅವರನ್ನೂ ಇಲ್ಲಿ ನೆನೆಯಬೇಕು. 1906ರಲ್ಲಿ ಮದುವೆ. 1913ರಿಂದ 1917ರವರೆಗೆ, ಮತ್ತೆ 1920ರಿಂದ 1923ರವರೆಗೆ ಬಾಬಾಸಾಹೇಬರು ಓದಲಿಕ್ಕೆ ಪರದೇಶದಲ್ಲಿ. ನಾಲ್ಕು ಮಕ್ಕಳು ತೀರಿಕೊಂಡವು. ಮನೆಯಲ್ಲಿ ಇದ್ದಾಗಲೂ ಬಾಬಾಸಾಹೇಬರು ಪುಸ್ತಕ ಮತ್ತು ಚಳವಳಿಯಲ್ಲಿ. ದೂರವಾಗಲಿಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕೇ? ರಮಾಬಾಯಿ 1935ರ ಮೇ 27ರಂದು ತೀರಿಕೊಂಡರು. ಮುಂದೆ ಬಾಬಾಸಾಹೇಬರು ಪಾಕಿಸ್ತಾನ ಕುರಿತ ತಮ್ಮ ಗ್ರಂಥವನ್ನು ರಾಮು ಎಂಬ ಹೆಸರಿನಲ್ಲಿ ಅವರಿಗೆ ಅರ್ಪಿಸಿದರು. ಆ ಅರ್ಪಣೆಯಲ್ಲಿ ಅವರ ಒಳ್ಳೆಯತನದ ಜೊತೆಗೆ, ಗೆಳೆಯರಿಲ್ಲದ ಬಡತನದ ದಿನಗಳಲ್ಲಿ ತಮ್ಮ ಜೊತೆ ಕಷ್ಟಪಡಲು ಅವರು ತೋರಿದ ಸಿದ್ಧತೆಯನ್ನು ನೆನೆದಿದ್ದಾರೆ. ಜೊತೆ ಎಂಬುದನ್ನು ನೋಡಿ. ಎಲ್ಲ ಕಳೆದ ಮೇಲೆ ಆ ಮಹಾಪುರುಷರ ಮನಸ್ಸಿನಲ್ಲಿ ಉಳಿದದ್ದು ನಾಲ್ಕನೆಯ ಕಡೆಗೀಲು.

*ನಾವು ಮಾಡಿದ್ದು, ತಪ್ಪಿದ್ದು*

ಅವರು ಮನೆಯಲ್ಲಿ ಇರುವ ದಿನ ಸಂಜೆ ಚಾ ಹೊತ್ತಿಗೆ ಹದಿನೈದು ನಿಮಿಷ ಇಬ್ಬರೂ ಕೂಡುತ್ತೇವೆ. ಆಗ ಬಿಲ್ಲಿನ ಮಾತಿಲ್ಲ, ಮಕ್ಕಳ ಮಾರ್ಕ್ಸಿನ ಮಾತಿಲ್ಲ, ಕೈಯಲ್ಲಿ ಫೋನಿಲ್ಲ. ಪ್ರತಿಯೊಬ್ಬರೂ ಆ ದಿನದ ಒಂದು ಹಗುರ ವಿಷಯ, ಒಂದು ಭಾರದ ವಿಷಯ ಹೇಳಬೇಕು. ಕೇಳುವವರು ತಿದ್ದಬಾರದು, ಉಪಾಯ ಹೇಳಬಾರದು. ನೈಟ್ ಹಾಲ್ಟ್ ಇದ್ದರೆ ಮಲಗುವ ಮೊದಲು ಐದು ನಿಮಿಷ ಫೋನು.

ಮೊದಲ ಎರಡು ವಾರ ಏನೂ ಹೊರಗೆ ಬರಲಿಲ್ಲ. "ಹೆಂಗಿತ್ರಿ ಇವತ್ತು?" "ಏನಿಲ್ಲ, ದಿನಾ ಇದ್ದದ್ದೇ." ಆಮೇಲೆ ನಮಗೆ ತಿಳಿಯಿತು, ದೊಡ್ಡ ಪ್ರಶ್ನೆಗೆ ಉತ್ತರ ಬರುವುದಿಲ್ಲ, ಸಣ್ಣ ಪ್ರಶ್ನೆಗೆ ಬರುತ್ತದೆ. "ಇವತ್ತು ಬಸ್ಸಿನ್ಯಾಗ ಯಾರರ ನಗಿಸಿದ್ರೇನು?" ಅಂದಾಗ ಚಿಲ್ಲರೆಗಾಗಿ ಜಗಳ ತೆಗೆದ ಮುದುಕಿ ಕೊನೆಗೆ ಅವರ ಕೈಗೆ ಪೇರಲಹಣ್ಣು ಇಟ್ಟು ಇಳಿದ ಕಥೆ ಬಂತು. ಹೊತ್ತಿನ ವಿಷಯವೂ ಇದೆ. ಮೂರು ತಾಸು ಮಲಗಿ ಎದ್ದವರ ಹತ್ತಿರ ಮನಸ್ಸು ಬಿಚ್ಚು ಎಂದರೆ ಬಿಚ್ಚುವುದಿಲ್ಲ. ಒಳ್ಳೆಯ ಮಾತಿಗೆ ಬುದ್ಧರು ಹೇಳಿದ ಗುಣಗಳಲ್ಲಿ ಒಂದು, ಅದು ಸರಿಯಾದ ಹೊತ್ತಿಗೆ ಬರಬೇಕು. ಉಳಿದವು: ಸತ್ಯವಾಗಿರಬೇಕು, ಮೃದುವಾಗಿರಬೇಕು, ಉಪಯೋಗವಾಗಬೇಕು, ಮೈತ್ರಿಯಿಂದ ಹುಟ್ಟಬೇಕು. ಪ್ರಿಯವಚನ ಎಂದರೆ ಹೊಗಳಿಕೆ ಅಲ್ಲ ಎಂದು ಇದರಿಂದಲೇ ಗೊತ್ತಾಗುತ್ತದೆ. ಸುಳ್ಳು ಹೊಗಳಿಕೆ ಈ ಐದರಲ್ಲಿ ಎರಡನೆಯದರಲ್ಲೇ ಬಿದ್ದು ಹೋಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಎಂಬವರು ಗಂಡ ಹೆಂಡತಿ ದಿನನಿತ್ಯ ಹೇಗೆ ಮಾತಾಡುತ್ತಾರೆ ಎಂದು ವರ್ಷಗಟ್ಟಲೆ ಗಮನಿಸಿದವರು. ಅವರು ಹೇಳುವುದೂ ಇದಕ್ಕೆ ಹತ್ತಿರವೇ ಇದೆ. ಒಬ್ಬರು "ನೋಡು, ಆ ಹಕ್ಕಿ ಎಷ್ಟು ಚೆಂದ ಅದ" ಅನ್ನುತ್ತಾರೆ. ಅದು ಹಕ್ಕಿಯ ಸುದ್ದಿ ಅಲ್ಲ, ಸಣ್ಣ ಕರೆ. ಇನ್ನೊಬ್ಬರು ತಲೆ ಎತ್ತಿ ನೋಡುತ್ತಾರೋ ಇಲ್ಲವೋ ಎಂಬುದರ ಮೇಲೆ ಸಂಬಂಧ ನಿಲ್ಲುತ್ತದೆ. ಕರೆದು ಕರೆದು ಓಗೊಡದಿದ್ದರೆ ಕರೆಯುವವರು ಒಂದು ದಿನ ಕರೆಯುವುದನ್ನೇ ಬಿಡುತ್ತಾರೆ. ಆಗ ಮನೆ ಬಹಳ ಶಾಂತವಾಗುತ್ತದೆ. ಆ ಶಾಂತಿಯನ್ನು ನಿಬ್ಬಾಣ ಎಂದು ತಿಳಿಯಬೇಡಿ.

ನಮ್ಮಲ್ಲಿ ಏನು ಬದಲಾಯಿತು? ಹೊಸ ಮದುವೆಯ ದಿನಗಳ ಆ ಪ್ರೀತಿ ಮರಳಿ ಬಂತು ಎಂದು ಹೇಳಿದರೆ ಮುಸಾವಾದ ಆಗುತ್ತದೆ. ಬಂದಿಲ್ಲ. ಅನಿತ್ಯವಾದದ್ದು ಹೋಯಿತು. ಆದರೆ ಅವರ ಕಾಲು ನೋವು ಈಗ ಬೇರೆಯವರ ಬಾಯಿಂದ ನನಗೆ ತಿಳಿಯುವುದಿಲ್ಲ. ಶಾಲೆಯಲ್ಲಿ ಏನಾದರೂ ನಡೆದರೆ ಸಂಜೆ ಅವರಿಗೆ ಹೇಳಬೇಕು ಎಂದು ಮಧ್ಯಾಹ್ನವೇ ನೆನಪಿಟ್ಟುಕೊಳ್ಳುತ್ತೇನೆ. ಸಂಯುತ್ತ ನಿಕಾಯದ ಒಂದು ಸಣ್ಣ ಸುತ್ತದಲ್ಲಿ ಹೆಂಡತಿಯನ್ನು ಬುದ್ಧರು ಪರಮ ಸಖ ಎಂದು ಕರೆಯುತ್ತಾರೆ. ರೂಮ್‌ಮೇಟ್ ಮತ್ತು ಸಖ ಇಬ್ಬರೂ ಒಂದೇ ಸೂರಿನ ಕೆಳಗೆ ಇರುತ್ತಾರೆ. ಸಖ ನಿಮಗಾಗಿ ಒಂದು ಸುದ್ದಿ ಕಾಯ್ದಿಟ್ಟುಕೊಂಡು ಬರುತ್ತಾನೆ.

*ಇದಕ್ಕೂ ಮಿತಿ ಇದೆ*

ಗುಳೆ ಹೋಗುವ ನಮ್ಮ ಬಂಧುಗಳ ಮನೆಯಲ್ಲಿ ಒಬ್ಬರು ಬೆಂಗಳೂರಿನ ಕಟ್ಟಡದಲ್ಲಿ, ಒಬ್ಬರು ಇಲ್ಲಿ ಹತ್ತಿ ಬಿಡಿಸುವ ಹೊಲದಲ್ಲಿ. ಅಲ್ಲಿ ಫೋನೇ ಮನೆ. "ರೊಕ್ಕ ಹಾಕಿದೆ, ಬಂತೇನು?" ಎಂದು ಕೇಳಿ ಇಡುವ ಮೊದಲು ಇನ್ನೆರಡು ನಿಮಿಷ ಮಾತಾಡಿ. ಅಲ್ಲಿ ಇಂದು ಏನು ಉಂಡಿರಿ, ಯಾರ ಜೊತೆ ಮಲಗುತ್ತೀರಿ, ಚಳಿ ಇದೆಯೇ ಎಂದು ಕೇಳಿ. ಅಲ್ಲಿರುವವರೂ ಇಲ್ಲಿಯದನ್ನು ಕೇಳಲಿ.

ಒಬ್ಬರೇ ನಾಲ್ಕೂ ಕೀಲು ಹಾಕಲಿಕ್ಕೆ ಆಗುವುದಿಲ್ಲ. ಶುರು ಒಬ್ಬರೇ ಮಾಡಬಹುದು. ತಿಂಗಳುಗಟ್ಟಲೆ ಮಾಡಿದರೂ ಆ ಕಡೆಯಿಂದ ಏನೂ ಬರದಿದ್ದರೆ ಇಬ್ಬರೂ ನಂಬುವ ಹಿರಿಯರನ್ನೋ ಆಪ್ತ ಸಮಾಲೋಚಕರನ್ನೋ ಕಾಣಿ. ಮೊದಲೆಲ್ಲ ನಗುತ್ತಿದ್ದ ಸಂಗಾತಿ ಮನೆಯಲ್ಲಷ್ಟೇ ಅಲ್ಲ, ಎಲ್ಲರ ಜೊತೆಯೂ ಮಾತು ಬಿಟ್ಟು, ನಿದ್ದೆ ಊಟ ಬಿಟ್ಟಿದ್ದರೆ ಅದು ದಾಂಪತ್ಯದ ತಣ್ಣಗಾಗುವಿಕೆ ಅಲ್ಲ, ಖಿನ್ನತೆ ಇರಬಹುದು. ಡಾಕ್ಟರರಿಗೆ ತೋರಿಸಿ.

ಮತ್ತೊಂದು ಮಾತು ಸ್ಪಷ್ಟವಾಗಿರಲಿ. ಹೊಡೆತ, ಬೈಗುಳ, ಹೆದರಿಕೆ ಇರುವ ಮನೆಗೆ ಈ ಚಿಂತನೆ ಅಲ್ಲ. ಅಲ್ಲಿ "ಪ್ರಿಯವಚನ ಆಡು" ಎಂದು ಹೊಡೆಸಿಕೊಳ್ಳುವವರಿಗೆ ಹೇಳುವುದು ಅನ್ಯಾಯ. ಮಹಿಳಾ ಸಹಾಯವಾಣಿ 181 ಇದೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಮುರಿದದ್ದನ್ನು ಗೌರವದಿಂದ ಬಿಡುವ ದಾರಿಯೂ ನಮ್ಮಲ್ಲಿ ಪಾಪ ಅಲ್ಲ. ಹಿಂದೂ ಕೋಡ್ ಬಿಲ್ಲಿನಲ್ಲಿ ವಿಚ್ಛೇದನದ ಹಕ್ಕನ್ನು ಇಟ್ಟವರು ಬಾಬಾಸಾಹೇಬರು. ಆ ಬಿಲ್ಲನ್ನು ಮುಂದೆ ಸಾಗಿಸದೆ ಕೈಬಿಟ್ಟದ್ದು 1951ರಲ್ಲಿ ಅವರು ಮಂತ್ರಿ ಪದವಿ ಬಿಟ್ಟ ಕಾರಣಗಳಲ್ಲಿ ಒಂದು. 1955ರ ವಿವಾಹ ಕಾಯ್ದೆ ಬೌದ್ಧರಿಗೂ ಅನ್ವಯಿಸುತ್ತದೆ. ಇಬ್ಬರೂ ಒಪ್ಪಿ ಬೇರೆಯಾಗುವ ಅವಕಾಶ ಅದರಲ್ಲಿ 1976ರಿಂದ ಇದೆ. ಬಾಗಿಲು ಇದೆ ಎಂದು ತಿಳಿದೂ ಮನೆಯಲ್ಲಿ ಉಳಿಯುವವರ ಜೊತೆಗಿರುವಿಕೆಗೆ ಬೆಲೆ ಹೆಚ್ಚು. ಋಣಕ್ಕೆ ಕಟ್ಟುಬಿದ್ದು ಉಳಿಯುವುದು ಬೇರೆ, ಆರಿಸಿಕೊಂಡು ಉಳಿಯುವುದು ಬೇರೆ.

*ಇಂದಿನ ಅಭ್ಯಾಸ*

ಇಂದು ರಾತ್ರಿ ಮಲಗುವ ಮೊದಲು ಸಂಗಾತಿಗೆ ಒಂದೇ ಒಂದು ಸಣ್ಣ ಪ್ರಶ್ನೆ ಕೇಳಿ. ಹಣದ್ದಲ್ಲ, ಮಕ್ಕಳದ್ದಲ್ಲ, ಕೆಲಸದ ಪಾಳಿಯದ್ದಲ್ಲ. ಉತ್ತರ ಬಂದರೆ ಪೂರ್ತಿ ಕೇಳಿ, ತಿದ್ದಬೇಡಿ. "ಏನಿಲ್ಲ" ಎಂದರೆ ಸಿಟ್ಟಾಗಬೇಡಿ. ನಾಳೆ ಇನ್ನೊಂದು ಸಣ್ಣ ಪ್ರಶ್ನೆ ಕೇಳಿ.

ಆ ಅಕ್ಕನಿಗೂ ನಾನು ಹೇಳಿದ್ದು ಇಷ್ಟೇ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು. 🙏

ಜೈ ಭೀಮ್. ನಮೋ ಬುದ್ಧಾಯ.